51 ಹೇಗೆ 46 ಆಯಿತು? ಹೊಸ ಸ್ಕೇಲ್‌ನ ಸಿಎಫ್‌ಎ ವರದಿ ಬರೆಯುವ ಬಗ್ಗೆ

(ಕೋಲಾರದಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಕೆಲವು ಪುನರುಕ್ತಿಗಳನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುದ್ದೆ, ಬಸ್ಸಾರು ಉಂಡು ಬಂದಿದ್ದೀರಿ. ಈ ಹೊತ್ತಿನಲ್ಲಿ ಅಂಕಿಗಳ ಮಾತು ಕೇಳುವುದು ಕಷ್ಟ ಅಂತ ಗೊತ್ತು. ಅದಕ್ಕೆ ನನ್ನದೇ ಒಂದು ಮಾನ ಹೋದ ಕಥೆಯಿಂದ ಶುರು ಮಾಡುತ್ತೇನೆ.

ಬಹಳ ಹಿಂದೆ ನಾನೊಂದು ಸ್ಕೇಲ್ ಮಾಡಿದ್ದೆ. 12 ಐಟಂ, ಅಂದರೆ 12 ಪ್ರಶ್ನೆ, ಅವುಗಳ ಹಿಂದೆ ಕಣ್ಣಿಗೆ ಕಾಣದ 3 ಫ್ಯಾಕ್ಟರ್. ದೃಢೀಕರಣ ಅಂಶ ವಿಶ್ಲೇಷಣೆ, ಅಂದರೆ ನಾವೆಲ್ಲ ಸಿಎಫ್‌ಎ ಅನ್ನುವುದನ್ನು ಮಾಡಿದೆ. ಮಾಡೆಲ್ ಅಷ್ಟೇನೂ ಚೆನ್ನಾಗಿ ಕೂರಲಿಲ್ಲ. ಸಾಫ್ಟ್‌ವೇರ್ ಒಂದು ಪಟ್ಟಿ ಕೊಟ್ಟಿತು: ಈ ಎರಡು ಐಟಂಗಳ ಎರರ್‌ಗಳ ನಡುವೆ ನಂಟು ಇರಲು ಬಿಟ್ಟರೆ ಕೈ-ಸ್ಕ್ವೇರ್, ಅಂದರೆ ಮಾಡೆಲ್‌ಗೂ ಡೇಟಾಕ್ಕೂ ಇರುವ ಅಂತರದ ಅಳತೆ, ಇಷ್ಟು ಇಳಿಯುತ್ತದೆ, ಆ ಎರಡರ ನಡುವೆ ಬಿಟ್ಟರೆ ಅಷ್ಟು. ನಾನು ಅದು ಹೇಳಿದ ಹಾಗೆ ಒಂದೊಂದೇ ಸೇರಿಸುತ್ತಾ ಹೋದೆ. ಐದನೆಯದಕ್ಕೆ ಎಲ್ಲಾ ಅಂಕಿಗಳೂ ಹೊಳೆಯತೊಡಗಿದವು. ಲೇಖನದಲ್ಲಿ 'ಮಾಡೆಲ್ ಚೆನ್ನಾಗಿ ಹೊಂದಿಕೊಂಡಿತು' ಅಂತ ಬರೆದೆ. ಸೇರಿಸಿದ ಐದರ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಮೋಸ ಮಾಡಬೇಕು ಅಂತ ಅಲ್ಲ, ಅದು ಬರೆಯಬೇಕಾದ ವಿಷಯ ಅಂತಲೇ ಅನಿಸಿರಲಿಲ್ಲ.

ವಿಮರ್ಶಕರ ಪತ್ರ ಬಂತು. ಅದರ ಸಾರ ಇಷ್ಟೇ: 12 ಐಟಂ, 3 ಫ್ಯಾಕ್ಟರ್ ಅಂದರೆ ಡಿಎಫ್, ಅಂದರೆ ಡಿಗ್ರೀಸ್ ಆಫ್ ಫ್ರೀಡಂ, 51 ಇರಬೇಕು. ನಿಮ್ಮ ಟೇಬಲ್‌ನಲ್ಲಿ 46 ಇದೆ. ಉಳಿದ 5 ಎಲ್ಲಿ?

ಈ ಡಿಎಫ್ ಲೆಕ್ಕವನ್ನು ಎಲ್ಲರೂ ಒಂದು ಸಲ ಕೈಯಾರೆ ಮಾಡಬೇಕು. ಅಷ್ಟೇನೂ ಕಷ್ಟ ಇಲ್ಲ. 12 ಐಟಂಗಳಿದ್ದರೆ ಅವುಗಳ ವೇರಿಯನ್ಸ್, ಕೋವೇರಿಯನ್ಸ್ ಎಲ್ಲಾ ಸೇರಿ 12 × 13 ÷ 2, ಅಂದರೆ 78 ಸಂಖ್ಯೆಗಳು ಡೇಟಾದಿಂದ ಸಿಗುತ್ತವೆ. ಇದು ನಮ್ಮ ಕೈಯಲ್ಲಿರುವ ದುಡ್ಡು ಅಂತ ಇಟ್ಟುಕೊಳ್ಳಿ. ಮಾಡೆಲ್ ಖರ್ಚು ಮಾಡುವುದು ಒಂದೊಂದು ಐಟಂ ತನ್ನ ಫ್ಯಾಕ್ಟರ್‌ಗೆ ಎಷ್ಟು ಅಂಟಿದೆ ಅಂತ ಹೇಳುವ 12 ಲೋಡಿಂಗ್, 12 ಎರರ್ ವೇರಿಯನ್ಸ್, ಮೂರು ಫ್ಯಾಕ್ಟರ್‌ಗಳ ನಡುವಿನ 3 ನಂಟು. ಒಟ್ಟು 27. ಪ್ರತಿ ಫ್ಯಾಕ್ಟರ್‌ನ ವೇರಿಯನ್ಸ್ ಅನ್ನು 1 ಅಂತ ಮೊದಲೇ ಕಟ್ಟಿಹಾಕಿರುತ್ತೇವೆ, ಅದಕ್ಕೆ ಖರ್ಚಿಲ್ಲ. 78ರಲ್ಲಿ 27 ಹೋದರೆ 51. ಒಂದೊಂದು ಎರರ್ ನಂಟಿಗೂ ಒಂದೊಂದು ರೂಪಾಯಿ ಹೋಗುತ್ತದೆ. ನಾನು ಐದು ಖರ್ಚು ಮಾಡಿ ಚೀಟಿ ಹರಿದುಹಾಕಿದ್ದೆ. ಉಳಿದ ಬಾಕಿ ನೋಡಿ ಅವರು ಹಿಡಿದರು.

ಹಾಗಾಗಿ ಯಾವ ಲೇಖನ ಕೈಗೆ ಬಂದರೂ ನಾನು ಮೊದಲು ನೋಡುವುದು ಮಾಡೆಲ್ ಎಷ್ಟು ಚೆನ್ನಾಗಿ ಕೂತಿತು ಅಂತ ಹೇಳುವ ಸಿಎಫ್‌ಐನಂಥ ಅಂಕಿ ಅಲ್ಲ, ಡಿಎಫ್. ಬರೆದ ಮಾಡೆಲ್‌ಗೂ ಡಿಎಫ್‌ಗೂ ತಾಳೆ ಆಗದಿದ್ದರೆ, ಲೇಖಕರು ಹೇಳದ ಯಾವುದೋ ಒಂದು ನಡೆದಿದೆ ಅಂತಲೇ ಅರ್ಥ.

ಈಗ ಒಂದು ಉದಾಹರಣೆ ಹಿಡಿದು ಹೋಗೋಣ. ಇದರ ಅಂಕಿಗಳನ್ನೆಲ್ಲ ಪಾಠಕ್ಕಾಗಿ ನಾನೇ ಕಟ್ಟಿದ್ದೇನೆ, ಯಾವ ಸಮೀಕ್ಷೆಯಿಂದಲೂ ಬಂದದ್ದಲ್ಲ. ವಿಷಯ ನಮ್ಮ ಜಿಲ್ಲೆಯದ್ದೇ: ಬೋರ್‌ವೆಲ್ ನಂಬಿ ಬೇಸಾಯ ಮಾಡುವವರ ಚಿಂತೆ. ಮೂರು ಫ್ಯಾಕ್ಟರ್. ಒಂದು, ಬೋರ್ ಬತ್ತೀತು ಅನ್ನುವ ಭಯ. ಎರಡು, ಬೋರ್ ಕೊರೆಸಲು ಮಾಡಿದ ಸಾಲದ ಒತ್ತಡ. ಮೂರು, ನೀರಿನ ವಿಷಯಕ್ಕೆ ಅಕ್ಕಪಕ್ಕದ ಹೊಲದವರ ಜೊತೆ ಬರುವ ಮನಸ್ತಾಪ. ಒಂದೊಂದಕ್ಕೆ ನಾಲ್ಕು ಐಟಂ, ಐದು ಆಯ್ಕೆ. ಒಟ್ಟು 620 ಜನ ಅಂತ ಇಟ್ಟುಕೊಳ್ಳಿ. 300 ಜನರ ಮೇಲೆ ಹುಡುಕುವ ವಿಶ್ಲೇಷಣೆ ಮಾಡಿ ಐಟಂಗಳನ್ನು ಆರಿಸಿದ್ದು, ಉಳಿದ 320 ಜನರ ಮೇಲೆ ಸಿಎಫ್‌ಎ. ಅದೇ ಜನರ ಮೇಲೆ ಎರಡನ್ನೂ ಮಾಡಿದರೆ, ಪ್ರಶ್ನೆಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ.

R ಬಳಸುವವರಿಗೆ lavaan ಗೊತ್ತಿರುತ್ತದೆ. ಬರೆಯುವುದು ಇಷ್ಟೇ:

```
m3 <- '
  bhaya =~ b1 + b2 + b3 + b4
  saala =~ s1 + s2 + s3 + s4
  nere  =~ n1 + n2 + n3 + n4
'
fit3 <- cfa(m3, data = d2, std.lv = TRUE)
summary(fit3, fit.measures = TRUE, standardized = TRUE)
```

ಬಂದ ಫಲ: ಕೈ-ಸ್ಕ್ವೇರ್ 112.4, ಡಿಎಫ್ 51, ಸಿಎಫ್‌ಐ .966, ಆರ್‌ಎಂಎಸ್‌ಇಎ .061. ಎಲ್ಲರೂ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಹೂ ಮತ್ತು ಬೆಂಟ್ಲರ್ 1999ರಲ್ಲಿ ಹೇಳಿದ ಗೆರೆಗಳು ಎಲ್ಲರಿಗೂ ಬಾಯಿಪಾಠ. ಸಿಎಫ್‌ಐ .95ರ ಹತ್ತಿರ ಅಥವಾ ಮೇಲೆ, ಆರ್‌ಎಂಎಸ್‌ಇಎ .06ರ ಹತ್ತಿರ ಅಥವಾ ಕೆಳಗೆ, ಎಸ್‌ಆರ್‌ಎಂಆರ್ .08ರ ಹತ್ತಿರ ಅಥವಾ ಕೆಳಗೆ. ಪಾಸ್ ಆಯಿತು, ಮುಗಿಯಿತು.

ಆದರೆ ಆ ಗೆರೆಗಳು ಬಂದದ್ದು ಒಂದು ನಿರ್ದಿಷ್ಟ ಬಗೆಯ ಮಾಡೆಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಸಾವಿರಾರು ಸಲ ಓಡಿಸಿ. ಅಲ್ಲಿ ಲೋಡಿಂಗ್‌ಗಳು .70ರಿಂದ .80ರ ಆಸುಪಾಸು ಇದ್ದವು. ನಿಮ್ಮ ಲೋಡಿಂಗ್‌ಗಳು .45 ಇದ್ದರೆ ಗೆರೆಯ ಅರ್ಥವೇ ಬದಲಾಗುತ್ತದೆ. ವಿಚಿತ್ರ ಏನೆಂದರೆ, ಲೋಡಿಂಗ್ ಕಡಿಮೆಯಾದಷ್ಟೂ ಆರ್‌ಎಂಎಸ್‌ಇಎ ಚೆನ್ನಾಗಿ ಕಾಣಿಸಬಹುದು. ಐಟಂಗಳ ನಡುವಿನ ನಂಟೇ ಸಣ್ಣದಾದರೆ, ಮಾಡೆಲ್ ತಪ್ಪಿದರೂ ತಪ್ಪು ಸಣ್ಣದಾಗಿಯೇ ಕಾಣುತ್ತದೆ. ಗುಣಮಟ್ಟ ಇಲ್ಲದ ಸ್ಕೇಲ್ ಸುಲಭವಾಗಿ ಪಾಸಾಗುತ್ತದೆ, ಒಳ್ಳೆಯದು ಒದ್ದಾಡುತ್ತದೆ. ಅದಕ್ಕೇ ಲೋಡಿಂಗ್ ತೋರಿಸದ ಫಿಟ್ ಟೇಬಲ್ ಅನ್ನು ನಾನು ನಂಬುವುದಿಲ್ಲ.

ಲೋಡಿಂಗ್ ಅಂದರೆ ಎಲ್ಲವನ್ನೂ ತೋರಿಸುವುದು. 'ಎಲ್ಲಾ ಲೋಡಿಂಗ್‌ಗಳೂ .40ಕ್ಕಿಂತ ಜಾಸ್ತಿ ಇದ್ದವು' ಅನ್ನುವ ಒಂದು ಸಾಲು ಸಾಕಾಗುವುದಿಲ್ಲ. ಪ್ರತಿ ಐಟಂನ ಪೂರ್ತಿ ವಾಕ್ಯ, ಅದೂ ಜನರನ್ನು ಕೇಳಿದ ಕನ್ನಡ ವಾಕ್ಯ, ಪಕ್ಕದಲ್ಲಿ ಅದರ ಲೋಡಿಂಗ್, ಅದರ ಸ್ಟ್ಯಾಂಡರ್ಡ್ ಎರರ್. ವಾಕ್ಯ ಯಾಕೆ ಬೇಕು ಅಂತ ಈಗ ನೋಡಿ.

ಭಯದ ನಾಲ್ಕು ಐಟಂಗಳ ಲೋಡಿಂಗ್: .81, .77, .74, .42. ನಾಲ್ಕನೆಯದು ಕಾಲು ಎಳೆಯುತ್ತಿದೆ. ವರ್ಗ ಮಾಡಿ ಸರಾಸರಿ ತೆಗೆದರೆ, ಅಂದರೆ ಎವಿಇ, .49. ಫೋರ್ನೆಲ್ ಮತ್ತು ಲಾರ್ಕರ್ 1981ರಲ್ಲಿ ಕೇಳಿದ್ದು .50. ಕೂದಲೆಳೆಯಲ್ಲಿ ಫೇಲು. ನಾಲ್ಕನೆಯ ಐಟಂ ತೆಗೆದರೆ ಎವಿಇ .60 ಆಗುತ್ತದೆ. ಸುಮ್ನೆ ತೆಗೆದುಬಿಡೋಣ ಅಂತ ಕೈ ತುರಿಸುತ್ತದೆ, ಅಲ್ವಾ? ತಡೆಯಿರಿ. ಐಟಂ ಓದೋಣ.

'ಪಕ್ಕದ ಹೊಲದಲ್ಲಿ ಹೊಸ ಬೋರ್ ಕೊರೆಸಿದರೂ ನನಗೆ ಕಳವಳ ಆಗುವುದಿಲ್ಲ.'

ಇದು ತಿರುಗಿಸಿ ಬರೆದ ಐಟಂ. ಎಲ್ಲದಕ್ಕೂ ಕಣ್ಣುಮುಚ್ಚಿ 'ಹೌದು' ಅನ್ನುವವರನ್ನು ಹಿಡಿಯಲು ಇಂಥದ್ದೊಂದು ಇರಲಿ ಅಂತ ಪುಸ್ತಕಗಳು ಹೇಳುತ್ತವೆ. ಈಗ ಇದನ್ನು ನಮ್ಮ ಊರಿನ ಜಗಲಿ ಮೇಲೆ ಕೂತು ಕೇಳಿ. ಇಂಥದ್ದೇ ಒಂದು ಪ್ರಶ್ನೆ ಹಿಡಿದು ಮುಳಬಾಗಿಲು ಕಡೆ ಹೋಗಿದ್ದಾಗ ನಾನು ಒಬ್ಬ ಹುಡುಗನ ಪಕ್ಕದಲ್ಲಿ ಕೂತು ನೋಡಿದ್ದೇನೆ. ಅವನು ಕೇಳಿದ, 'ಅಣ್ಣಾ, ಪಕ್ಕದೋರು ಬೋರ್ ಹಾಕಿಸಿದ್ರೂ ನಿಮಗೆ ಕಳವಳ ಆಗಲ್ಲ, ಒಪ್ತೀರಾ?' ಅವರು ಬೀಡಿ ಆರಿಸುತ್ತಾ, 'ಇಲ್ಲಪ್ಪ, ಆಗಲ್ಲ' ಅಂದರು. ಹುಡುಗನ ಕಿವಿಗೆ ಬಿದ್ದದ್ದು ಮೊದಲ 'ಇಲ್ಲ'. 'ಒಪ್ಪುವುದಿಲ್ಲ'ಕ್ಕೆ ಗುರುತು ಹಾಕಿದ. ಅವರು ಹೇಳಿದ್ದು ಏನು? ಆಗಲ್ಲ ಅನ್ನುವುದನ್ನು ಒಪ್ಪಿದ್ದು! ಮುಂದಿನ ಮನೆಯಲ್ಲಿ ಒಬ್ಬ ಅಮ್ಮ ಅದಕ್ಕೇ 'ಹೂಂ, ಆಗಲ್ಲ' ಅಂದರು. ಅದು 'ಒಪ್ಪುತ್ತೇನೆ' ಆಯಿತು. ಇಬ್ಬರೂ ಹೇಳಿದ್ದು ಒಂದೇ. ಹಾಳೆಯ ಮೇಲೆ ಇಬ್ಬರೂ ಎದುರು ಬದುರು.

ಕನ್ನಡದಲ್ಲಿ 'ಅಲ್ಲ, ಇಲ್ಲ' ಇರುವ ಪ್ರಶ್ನೆಗೆ 'ಇಲ್ಲ' ಅಂದರೂ ಒಪ್ಪಿಗೆ, 'ಹೂಂ' ಅಂದರೂ ಒಪ್ಪಿಗೆ ಆಗಬಹುದು. ಇಂಗ್ಲಿಷ್ ಸ್ಕೇಲ್ ನೋಡಿ ಐಟಂ ಬರೆದವರಿಗೆ ಇದು ಹೊಳೆಯುವುದೇ ಇಲ್ಲ. ಆ .42ರ ಒಳಗೆ ಇಂಥ ಗೊಂದಲ ಕೂತಿರಬಹುದು.

ಇರಬಹುದು ಅಂದೆ. ಪರೀಕ್ಷೆ ಮಾಡದೆ ಹಾಗೇ ಬರೆಯುವಂತಿಲ್ಲ. ಮಾಡುವುದು ಹೀಗೆ. ತಾವೇ ಓದಿಕೊಂಡು ಗುರುತು ಹಾಕಿದವರನ್ನೂ, ಕೇಳಿಸಿಕೊಂಡು ಉತ್ತರ ಕೊಟ್ಟವರನ್ನೂ ಬೇರೆ ಮಾಡಿ. ಮೊದಲನೆಯವರಲ್ಲಿ ಲೋಡಿಂಗ್ ಉಳಿದ ಮೂರರ ಹತ್ತಿರ ಬಂದು, ಎರಡನೆಯವರಲ್ಲಿ ಪಾತಾಳಕ್ಕೆ ಇಳಿದರೆ, ತಪ್ಪು ಭಯದ ಕಲ್ಪನೆಯಲ್ಲಿಲ್ಲ, ವಾಕ್ಯದಲ್ಲಿದೆ. ಎರಡರಲ್ಲೂ ಕಡಿಮೆ ಇದ್ದರೆ ಬೇರೆ ಕಾರಣ ಹುಡುಕಬೇಕು. ಪಕ್ಕದವರ ಬೋರ್‌ನ ಕಳವಳ ನಿಜಕ್ಕೂ ಮೂರನೆಯ ಫ್ಯಾಕ್ಟರ್‌ಗೆ, ಆ ಮನಸ್ತಾಪದ ಗುಂಪಿಗೆ ಸೇರಿದ್ದೇನೋ. ವರದಿಯಲ್ಲಿ ಬರೆಯಬೇಕಾದ್ದು ಇದೇ: ಐಟಂ ಏನು, ಲೋಡಿಂಗ್ ಎಷ್ಟು, ನಾವು ಏನು ಅನುಮಾನಿಸಿದೆವು, ಹೇಗೆ ನೋಡಿದೆವು, ಇಟ್ಟುಕೊಂಡೆವೋ ತೆಗೆದೆವೋ. ತೆಗೆದರೆ ಮೊದಲಿನ ಮತ್ತು ಆಮೇಲಿನ ಎರಡೂ ಅಂಕಿ.

ಎರರ್ ನಂಟಿಗೂ ಇದೇ ಮಾತು. ಸಾಲದ ಗುಂಪಿನಲ್ಲಿ ಎರಡು ಐಟಂ ಹೀಗಿವೆ ಅಂತ ಇಟ್ಟುಕೊಳ್ಳಿ: 'ಸಾಲ ಕೊಟ್ಟವರ ಫೋನ್ ಬಂದರೆ ಎದೆ ಡವಡವ ಅನ್ನುತ್ತದೆ', 'ಸಾಲ ಕೊಟ್ಟವರು ಮನೆ ಹತ್ತಿರ ಬಂದರೆ ಎದೆ ಡವಡವ ಅನ್ನುತ್ತದೆ'. ಅರ್ಧ ವಾಕ್ಯ ಒಂದೇ. ಇವುಗಳ ಎರರ್‌ಗಳ ನಡುವೆ ನಂಟು ಇರಲು ಬಿಡಿ ಅಂತ ಸಾಫ್ಟ್‌ವೇರ್ ಹೇಳಿದರೆ ಅದಕ್ಕೊಂದು ಕಾರಣ ಇದೆ. ಬಿಡಿ, ಆದರೆ ಬರೆಯಿರಿ: ಇದನ್ನು ಡೇಟಾ ನೋಡಿದ ಮೇಲೆ ಸೇರಿಸಿದ್ದು, ಈಗ ಡಿಎಫ್ 50. ನನ್ನನ್ನು ಕೇಳಿದರೆ ಅಲ್ಲಿ ಒಂದು ಐಟಂ ತೆಗೆಯುವುದೇ ವಾಸಿ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದೇವೆ, ಅಷ್ಟೇ. ಒಂದು ಫ್ಯಾಕ್ಟರ್‌ನ ಐಟಂಗೂ ಇನ್ನೊಂದು ಫ್ಯಾಕ್ಟರ್‌ನ ಐಟಂಗೂ ಯಾವ ಕಾರಣವೂ ಇಲ್ಲದೆ ನಂಟು ಇರಲು ಬಿಡುವುದಂತೂ ಬೇಡ. ನಾನು ಅದನ್ನೇ ಮಾಡಿ ಸಿಕ್ಕಿಬಿದ್ದದ್ದು.

ಈಗ ಮಾಡೆಲ್ ಹೋಲಿಕೆಗೆ ಬರೋಣ. ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದೇ ಫ್ಯಾಕ್ಟರ್‌ನ ಮಾಡೆಲ್ ಓಡಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದರ ಕೈ-ಸ್ಕ್ವೇರ್ 486.3, ಡಿಎಫ್ 54, ಸಿಎಫ್‌ಐ .758. 'ನಮ್ಮದೇ ಗೆದ್ದಿತು' ಅನ್ನುತ್ತಾರೆ. ಇದು ಅಖಾಡದಲ್ಲಿ ಎದುರಿಗೆ ಮೂರು ವರ್ಷದ ಮಗು ನಿಲ್ಲಿಸಿ ಕುಸ್ತಿ ಗೆದ್ದ ಹಾಗೆ. ನಮ್ಮನ್ನು ಸೋಲಿಸಬಹುದಾದ ಎದುರಾಳಿ ಯಾರು ಅಂತ ಯೋಚಿಸಬೇಕು. ಇಲ್ಲಿ ಭಯ ಮತ್ತು ಸಾಲದ ನಡುವಿನ ನಂಟು .78. ನಮ್ಮ ಕಡೆ ಬೋರ್ ಬತ್ತಿತು ಅಂದರೆ ಸಾಲ ಬಂತು ಅಂತಲೇ ಲೆಕ್ಕ. ಎರಡೂ ಒಂದೇ ಇರಬಹುದಲ್ಲ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹಾಗಾಗಿ ನಿಜವಾದ ಎದುರಾಳಿ ಆ ಎರಡನ್ನೂ ಸೇರಿಸಿದ ಎರಡು ಫ್ಯಾಕ್ಟರ್‌ನ ಮಾಡೆಲ್.

ಅದರ ಫಲ: ಕೈ-ಸ್ಕ್ವೇರ್ 171.9, ಡಿಎಫ್ 53, ಸಿಎಫ್‌ಐ .933, ಆರ್‌ಎಂಎಸ್‌ಇಎ .084. ಮೂರರ ಮಾಡೆಲ್ ಜೊತೆ ವ್ಯತ್ಯಾಸ 59.5, ಡಿಎಫ್ ವ್ಯತ್ಯಾಸ 2. ಎರಡು ಡಿಎಫ್‌ಗೆ 5.99 ದಾಟಿದರೆ ಸಾಕಿತ್ತು. ಇಲ್ಲಿ ಗೆದ್ದರೆ ಅದು ಗೆಲುವು.

ಇಲ್ಲೊಂದು ಹಳ್ಳ ಇದೆ, ಬಹಳ ಜನ ಬೀಳುತ್ತಾರೆ. ಲೆಕ್ಕ ಕೈಯಲ್ಲಿ ತೋರಿಸಲು ನಾನು ಸಾದಾ ಎಂಎಲ್, ಅಂದರೆ ಮ್ಯಾಕ್ಸಿಮಮ್ ಲೈಕ್ಲಿಹುಡ್ ವಿಧಾನ ತೆಗೆದುಕೊಂಡೆ. ನಿಜವಾದ ಡೇಟಾದಲ್ಲಿ ಬೋರ್ ಬತ್ತೀತು ಅಂದರೆ ಮುಕ್ಕಾಲು ಜನ 'ಪೂರ್ತಿ ಒಪ್ಪುತ್ತೇನೆ' ಅನ್ನಬಹುದು. ಉತ್ತರ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಆಗ ಇಂಥ ಗುಡ್ಡೆಗೆ ತಕ್ಕಂತೆ ಎಂಎಲ್ ಅನ್ನೇ ಸರಿಪಡಿಸಿದ ಎಂಎಲ್‌ಆರ್ ಅಥವಾ ಆಯ್ಕೆಗಳನ್ನು ಮೆಟ್ಟಿಲುಗಳಾಗಿಯೇ ನೋಡುವ ಡಬ್ಲ್ಯುಎಲ್‌ಎಸ್‌ಎಂವಿ ಬಳಸುತ್ತೇವೆ. ಅವು ಕೊಡುವ ಸರಿಪಡಿಸಿದ ಕೈ-ಸ್ಕ್ವೇರ್‌ಗಳನ್ನು ಹೀಗೆ ಒಂದರಿಂದ ಒಂದು ಕಳೆಯುವಂತಿಲ್ಲ. ಕಳೆದರೆ ಬರುವ ಸಂಖ್ಯೆ ಕೈ-ಸ್ಕ್ವೇರ್ ಅಲ್ಲ, ಏನೂ ಅಲ್ಲ. ಅದಕ್ಕೆ ಬೇರೆ ಸೂತ್ರ ಇದೆ, lavaan ತಾನೇ ಮಾಡಿಕೊಡುತ್ತದೆ. ಎರಡು ಫ್ಯಾಕ್ಟರ್‌ನ ಮಾಡೆಲ್‌ನ ಫಲವನ್ನು fit2 ಅಂತ ಇಟ್ಟುಕೊಂಡು, fit2, fit3 ಎರಡನ್ನೂ ಆ ವಿಧಾನದಲ್ಲೇ ಓಡಿಸಿದ ಮೇಲೆ:

```
lavTestLRT(fit2, fit3)
```

ಯಾವ ವಿಧಾನ ಬಳಸಿದೆವು ಅನ್ನುವುದು ವರದಿಯಲ್ಲಿ ಇರಲೇಬೇಕು. ಡಬ್ಲ್ಯುಎಲ್‌ಎಸ್‌ಎಂವಿಯಲ್ಲಿ ಅದೇ ಡೇಟಾಕ್ಕೆ ಸಿಎಫ್‌ಐ, ಆರ್‌ಎಂಎಸ್‌ಇಎ ಇನ್ನೂ ಚೆನ್ನಾಗಿ ಕಾಣಿಸುವುದುಂಟು. ಎಂಎಲ್‌ಗೆ ಹಾಕಿದ ಗೆರೆಯನ್ನು ಅಲ್ಲಿಗೂ ಎಳೆದರೆ ಸರಿಯಾಗುವುದಿಲ್ಲ. ಜೊತೆಗೆ ಒಂದೇ ಊರಿನ 20 ಜನರನ್ನು ಕೇಳಿದ್ದರೆ ಅವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಾ ಇಲ್ಲವಾ ಅಂತ ಒಂದು ಸಾಲು.

ಇನ್ನೊಂದು ಹೋಲಿಕೆ ಬಗ್ಗೆ ಹೇಳದೆ ಹೋಗಲಾರೆ. 'ಎರಡನೇ ಹಂತದ ಮಾಡೆಲ್ ಕೂಡ ಅಷ್ಟೇ ಚೆನ್ನಾಗಿ ಕೂತಿತು, ಹಾಗಾಗಿ ಒಟ್ಟು ಅಂಕ ಬಳಸಬಹುದು' ಅಂತ ಬರೆಯುತ್ತಾರೆ. ಮೂರು ಫ್ಯಾಕ್ಟರ್ ಇದ್ದಾಗ ಅದು ಕೂರದೆ ಇನ್ನೇನು ಮಾಡುತ್ತದೆ? ಮೂರು ನಂಟುಗಳನ್ನು ತೆಗೆದು, ಮೇಲೊಂದು ದೊಡ್ಡ ಫ್ಯಾಕ್ಟರ್ ಇಟ್ಟು ಮೂರು ಲೋಡಿಂಗ್ ಹಾಕಿದ್ದೀರಿ. ಮೂರು ಕೊಟ್ಟು ಮೂರು ತೆಗೆದುಕೊಂಡದ್ದು. ಡಿಎಫ್ ಅದೇ 51, ಕೈ-ಸ್ಕ್ವೇರ್ ಅದೇ 112.4. ಆ ಎರಡರಲ್ಲಿ ಯಾವುದು ಸರಿ ಅಂತ ಡೇಟಾ ಹೇಳಲಾರದು. ಒಟ್ಟು ಅಂಕ ಬೇಕಾದರೆ ಬೇರೆ ವಾದ ಹೂಡಬೇಕು.

ಕೊನೆಗೆ ಸಿಂಧುತ್ವ, ವ್ಯಾಲಿಡಿಟಿ. ನಮ್ಮ ಉದಾಹರಣೆಯಲ್ಲಿ ಇಲ್ಲೊಂದು ಇಕ್ಕಟ್ಟಿದೆ. ಭಯದ ಎವಿಇ .49, ಅದರ ವರ್ಗಮೂಲ .70. ಸಾಲದ ಜೊತೆಗಿನ ನಂಟು .78. ಫೋರ್ನೆಲ್–ಲಾರ್ಕರ್ ಪ್ರಕಾರ ವರ್ಗಮೂಲ ಜಾಸ್ತಿ ಇರಬೇಕು. ಇಲ್ಲ. ನಾಲ್ಕನೆಯ ಐಟಂ ತೆಗೆದರೂ .77, ಇನ್ನೂ ಸಾಲದು. ಆದರೆ ಎರಡು ಫ್ಯಾಕ್ಟರ್ ಒಂದೇ ಅಲ್ಲ ಅಂತ ಕೈ-ಸ್ಕ್ವೇರ್ ವ್ಯತ್ಯಾಸ ಹೇಳಿತ್ತು. ಈಗ ಯಾವುದನ್ನು ಬರೆಯುವುದು? ಬಹಳ ಜನ ಪಾಸಾದದ್ದನ್ನು ಟೇಬಲ್‌ಗೆ ಹಾಕಿ ಫೇಲಾದದ್ದನ್ನು ಮಡಚಿ ಜೇಬಿಗೆ ಹಾಕುತ್ತಾರೆ. ಎರಡನ್ನೂ ಬರೆಯಿರಿ. ಅವು ಕೇಳುವ ಪ್ರಶ್ನೆಗಳೇ ಬೇರೆ. ಒಂದು, ನಂಟು 1ಕ್ಕಿಂತ ಕಡಿಮೆಯೇ ಅಂತ ಕೇಳುತ್ತದೆ. 320 ಜನ ಇದ್ದರೆ .90 ಇದ್ದರೂ 'ಹೌದು' ಅನ್ನಬಹುದು. ಇನ್ನೊಂದು, ಐಟಂಗಳು ತಮ್ಮ ಮನೆಯವರ ಜೊತೆ ಇರುವಷ್ಟು ಪಕ್ಕದ ಮನೆಯವರ ಜೊತೆ ಇಲ್ಲ ತಾನೇ ಅಂತ ಕೇಳುತ್ತದೆ. .78ರ ಜೊತೆ ಅದರ ಕಾನ್ಫಿಡೆನ್ಸ್ ಇಂಟರ್ವಲ್ ಕೂಡ ಕೊಟ್ಟರೆ ಓದುವವರು ತಾವೇ ತೂಗಿ ನೋಡುತ್ತಾರೆ.

ಈ ಜಗಳವನ್ನು ಸ್ಕೇಲ್‌ನ ಒಳಗೇ ಕೂತು ಬಿಡಿಸಲು ಆಗುವುದಿಲ್ಲ, ಹೊರಗೆ ಹೋಗಬೇಕು. ಭಯವೂ ಸಾಲದ ಒತ್ತಡವೂ ನಿಜಕ್ಕೂ ಬೇರೆ ಆದರೆ ಹೊರಗಿನ ಸಂಗತಿಗಳ ಜೊತೆ ಅವು ಬೇರೆ ಬೇರೆ ಥರ ನಡೆದುಕೊಳ್ಳಬೇಕು. ಡೇಟಾ ತೆಗೆಯುವ ಮೊದಲೇ ಬರೆದಿಡಿ: ಸಾಲದ ಮೊತ್ತ ಸಾಲದ ಒತ್ತಡದ ಜೊತೆ ಗಟ್ಟಿಯಾಗಿ, ಭಯದ ಜೊತೆ ಸಡಿಲವಾಗಿ ಹೊಂದಬೇಕು. ಹೊಲದಲ್ಲಿ ಸತ್ತುಹೋದ ಬೋರ್‌ಗಳ ಲೆಕ್ಕ ಇದರ ಉಲ್ಟಾ. ಬಂದದ್ದು ಕ್ರಮವಾಗಿ .46, .21 ಮತ್ತು .18, .39 ಆದರೆ, .78ರ ನಂಟು ಇದ್ದರೂ ಎರಡನ್ನು ಬೇರೆ ಇಡಲು ನಿಮ್ಮ ಕೈಯಲ್ಲಿ ಗಟ್ಟಿ ಕಾರಣ ಇದೆ. ಎರಡೂ ಕಡೆ ಒಂದೇ ಥರ ಬಂದರೆ ಕೈ-ಸ್ಕ್ವೇರ್ ಏನೇ ಹೇಳಲಿ, ಸೇರಿಸಿಬಿಡಿ.

ಅಮೆರಿಕದ ಮೂರು ಸಂಘಗಳು ಸೇರಿ 2014ರಲ್ಲಿ ಪರಿಷ್ಕರಿಸಿದ ಪರೀಕ್ಷಾ ಮಾನದಂಡಗಳಲ್ಲಿ ಸಿಂಧುತ್ವಕ್ಕೆ ಐದು ಬಗೆಯ ಸಾಕ್ಷಿ ಹೇಳಿದ್ದಾರೆ. ಸಿಎಫ್‌ಎ ಅದರಲ್ಲಿ ಒಂದಕ್ಕೆ ಮಾತ್ರ ಸೇರುತ್ತದೆ, ಒಳರಚನೆಗೆ. ಜನ ಪ್ರಶ್ನೆಯನ್ನು ಹೇಗೆ ಅರ್ಥ ಮಾಡಿಕೊಂಡು ಉತ್ತರಿಸುತ್ತಾರೆ ಅನ್ನುವುದು ಇನ್ನೊಂದು. ಬೀಡಿ ಆರಿಸಿದ ಅಣ್ಣನ 'ಇಲ್ಲಪ್ಪ' ಆ ಕಡೆಯ ಸಾಕ್ಷಿ. ಅದು ಫಿಟ್ ಟೇಬಲ್‌ನಲ್ಲಿ ಸಿಗುವುದಿಲ್ಲ. ಹತ್ತು ಜನರ ಮುಂದೆ ಕೂತು 'ಇದನ್ನು ಕೇಳಿದಾಗ ನಿಮಗೆ ಏನು ಹೊಳೆಯಿತು' ಅಂತ ಕೇಳಿದರೆ ಸಿಗುತ್ತದೆ.

ಮಾತು ಮುಗಿದ ಮೇಲೆ ಶ್ರೀನಿವಾಸಪುರದ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದರು: 'ಸಾರ್, ನಮ್ಮ ಕಡೆ ಅರ್ಧ ಜನ ಮನೆಯಲ್ಲಿ ತೆಲುಗು. ಕನ್ನಡ ಹಾಳೆ ಹಿಡಿದು ನಾವು ತೆಲುಗಲ್ಲಿ ಕೇಳ್ತೀವಿ. ಅದನ್ನೂ ಬರೀಬೇಕಾ?'

ಬರೆಯಲೇಬೇಕು ಅಂದೆ. ಹಾಳೆ ಒಂದೇ ಆದರೂ ಅಲ್ಲಿ ಎರಡು ಸ್ಕೇಲ್ ಓಡುತ್ತಿವೆ. ಬಾಯಲ್ಲೇ ತೆಲುಗು ಮಾಡಿದರೆ ಒಬ್ಬೊಬ್ಬರದು ಒಂದೊಂದು ವಾಕ್ಯ ಆಗುತ್ತದೆ. ಮೊದಲು ತೆಲುಗು ವಾಕ್ಯಗಳನ್ನು ಬರೆದು ಗಟ್ಟಿ ಮಾಡಿಕೊಳ್ಳಿ. ಪ್ರತಿ ಹಾಳೆಯ ಮೇಲೆ ಯಾವ ಭಾಷೆಯಲ್ಲಿ ಕೇಳಿದಿರಿ ಅಂತ ಗುರುತು ಹಾಕಿ. ಆಮೇಲೆ ಎರಡೂ ಗುಂಪಿಗೆ ಅದೇ ಮೂರು ಫ್ಯಾಕ್ಟರ್ ಕೂರುತ್ತದಾ ನೋಡಿ. ಕೂತರೆ ಲೋಡಿಂಗ್‌ಗಳನ್ನು ಸಮ ಅಂತ ಕಟ್ಟಿ ನೋಡಿ, ಅದೂ ನಿಂತರೆ ಇಂಟರ್‌ಸೆಪ್ಟ್‌ಗಳನ್ನು. ಒಂದೊಂದು ಹಂತಕ್ಕೂ ಸಿಎಫ್‌ಐ ಎಷ್ಟು ಇಳಿಯಿತು ಅಂತ ಬರೆಯಿರಿ. .01ಕ್ಕಿಂತ ಜಾಸ್ತಿ ಇಳಿದರೆ ಅನುಮಾನ ಪಡುವ ರೂಢಿ ಇದೆ. ಇಂಟರ್‌ಸೆಪ್ಟ್ ಹಂತ ನಿಲ್ಲದೆ ಇದ್ದರೆ ತೆಲುಗಿನವರ ಭಯ ಜಾಸ್ತಿ, ಕನ್ನಡದವರದು ಕಡಿಮೆ ಅಂತ ಹೋಲಿಸಲು ಹೋಗಬೇಡಿ.

'ಮತ್ತೆ ಆ ನಾಲ್ಕನೇ ಐಟಂ?' ಅಂದರು.

'ಪಕ್ಕದ ಹೊಲದಲ್ಲಿ ಹೊಸ ಬೋರ್ ಕೊರೆಸಿದರೆ ನನಗೆ ನೆಮ್ಮದಿಯಾಗಿಯೇ ಇರುತ್ತದೆ' ಅಂತ ಬರೆದು ನೋಡಿ ಅಂದೆ. ಇಲ್ಲ ಅನ್ನುವ ಪದವೇ ಇಲ್ಲ. ಆದರೆ ಹೊಸ ವಾಕ್ಯಕ್ಕೆ ಹಳೆಯ 320 ಜನ ಉತ್ತರ ಕೊಟ್ಟಿಲ್ಲವಲ್ಲ. ಮತ್ತೆ ಹಳ್ಳಿಗೆ ಹೋಗಬೇಕು. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಪಕ್ಕದಲ್ಲಿ ಕೂತಿದ್ದ ಗೆಳತಿ, 'ಟೊಮೆಟೊ ಕೊಯ್ಲು ಮುಗೀಲಿ ಕಣೇ, ಅಲ್ಲೀವರೆಗೂ ಯಾರೂ ಕೈಗೆ ಸಿಗಲ್ಲ' ಅಂದರು.